ಔಷಧ ಅಡ್ಡಪರಿಣಾಮ ವರದಿ: ಫೆನಿಟೋಯಿನ್‌ನಿಂದ ಡ್ರೆಸ್ ಸಿಂಡ್ರೋಮ್ ಶಂಕೆ

ಇವರಿಗೆ: ಔಷಧ ಸುರಕ್ಷತಾ ನಿಗಾ ಕೇಂದ್ರ
ವರದಿ ಮಾಡುವವರು: ಕ್ಲಿನಿಕಲ್ ಫಾರ್ಮಸಿಸ್ಟ್, ಪುರುಷರ ಮೆಡಿಸಿನ್ ವಾರ್ಡ್
ವರದಿಯ ಬಗೆ: ಮೊದಲ ವರದಿ
ವರದಿ ದಿನಾಂಕ: 11 ಏಪ್ರಿಲ್ 2025
ಆಧಾರ: ಎರಡೂ ದಾಖಲಾತಿಗಳ ಕೇಸ್ ಶೀಟ್, ನರ್ಸಿಂಗ್ ನೋಟ್ಸ್, ಔಷಧ ಚಾರ್ಟ್, ಲ್ಯಾಬ್ ವರದಿಗಳು, ರೋಗಿ ಮತ್ತು ಅವರ ಹೆಂಡತಿಯ ಜೊತೆ ಮಾತುಕತೆ

ರೋಗಿ

ಸಂಕೇತ ಎಂ-4117. ಗಂಡಸು, 41 ವರ್ಷ, ತೂಕ 64 ಕೆ.ಜಿ. ಮೊದಲು ಯಾವ ಔಷಧಕ್ಕೂ ಅಲರ್ಜಿ ಆಗಿಲ್ಲ. ಲಿವರ್ ಅಥವಾ ಕಿಡ್ನಿ ತೊಂದರೆ ಇಲ್ಲ, ಕುಡಿತ ಇಲ್ಲ. ಫಿಟ್ಸ್ ಔಷಧ ತೆಗೆದುಕೊಂಡಿದ್ದು ಇದೇ ಮೊದಲು.

ಶಂಕಿತ ಔಷಧ

ಫೆನಿಟೋಯಿನ್. ತಲೆಗೆ ಪೆಟ್ಟು ಬಿದ್ದು ಫಿಟ್ಸ್ ಬಂದಿದ್ದರಿಂದ 4 ಮಾರ್ಚ್ 2025ರಂದು ಶುರು ಮಾಡಲಾಯಿತು. ಮೊದಲು 1,200 ಮಿ.ಗ್ರಾಂ ಅನ್ನು ನಾರ್ಮಲ್ ಸಲೈನ್‌ನಲ್ಲಿ ಬೆರೆಸಿ 40 ನಿಮಿಷಗಳಲ್ಲಿ ರಕ್ತನಾಳಕ್ಕೆ ಕೊಡಲಾಯಿತು. ಆಮೇಲೆ 100 ಮಿ.ಗ್ರಾಂ ಮಾತ್ರೆ ದಿನಕ್ಕೆ ಮೂರು ಸಲ. 10 ಮಾರ್ಚ್‌ಗೆ ಡಿಸ್ಚಾರ್ಜ್ ಆದ ಮೇಲೂ ಮನೆಯಲ್ಲಿ ತಪ್ಪದೆ ತೆಗೆದುಕೊಂಡಿದ್ದಾರೆ. ಕೊನೆಯ ಡೋಸ್ 28 ಮಾರ್ಚ್ ಬೆಳಿಗ್ಗೆ 6ಕ್ಕೆ. ಮನೆಯವರು ತಂದ ಮಾತ್ರೆ ಸ್ಟ್ರಿಪ್‌ನ ಬ್ಯಾಚ್ ಸಂಖ್ಯೆ ಪಿಎಚ್-2409, ಅವಧಿ ಮುಗಿಯುವುದು 08/2026. ಇಂಜೆಕ್ಷನ್‌ನ ಬ್ಯಾಚ್ ಸಂಖ್ಯೆಯನ್ನು ಯಾರೂ ಬರೆದಿಟ್ಟಿಲ್ಲ.

ಜೊತೆಗಿದ್ದ ಔಷಧಗಳು

ಪ್ಯಾರಸಿಟಮಾಲ್ 650 ಮಿ.ಗ್ರಾಂ, ಜ್ವರ ಬಂದಾಗ ಮಾತ್ರ, 23 ಮಾರ್ಚ್ ರಾತ್ರಿಯಿಂದ. ಸೆಫ್ಟ್ರಿಯಾಕ್ಸೋನ್ 1 ಗ್ರಾಂ, ಎರಡೇ ಡೋಸ್: 26 ಮಾರ್ಚ್ ಮಧ್ಯಾಹ್ನ 2.30 ಮತ್ತು 27 ಮಾರ್ಚ್ ಬೆಳಗಿನ ಜಾವ 2.30. ನಾಟಿ ಔಷಧ, ಗಿಡಮೂಲಿಕೆ, ಅಂಗಡಿಯಿಂದ ತಂದ ಬೇರೆ ಮಾತ್ರೆ ಯಾವುದೂ ಇಲ್ಲ. ಇದನ್ನು ರೋಗಿಯನ್ನೂ ಅವರ ಹೆಂಡತಿಯನ್ನೂ ಬೇರೆಬೇರೆಯಾಗಿ ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಏನಾಯಿತು, ಯಾವಾಗ ಆಯಿತು

ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ. ಕೇಸ್ ಶೀಟ್ ಮಾತ್ರ ಓದಿದರೆ ತಪ್ಪು ಔಷಧದ ಮೇಲೆ ಬೆರಳು ಹೋಗುತ್ತದೆ.

27 ಮಾರ್ಚ್ ಬೆಳಿಗ್ಗೆ 8.20ರ ರೌಂಡ್ಸ್ ನೋಟ್‌ನಲ್ಲಿ ಹೀಗಿದೆ: "ಸೆಫ್ಟ್ರಿಯಾಕ್ಸೋನ್ ಶುರುವಾದ ಮೇಲೆ ಮೈಯೆಲ್ಲಾ ಗಂಧೆ. ಸೆಫ್ಟ್ರಿಯಾಕ್ಸೋನ್ ಅಲರ್ಜಿ ಇರಬಹುದು. ನಿಲ್ಲಿಸಿ." ಹಿಂದಿನ ದಿನ 12.30ರ ದಾಖಲಾತಿ ನೋಟ್‌ನಲ್ಲಿ "ಚರ್ಮ ಸಹಜ" ಎಂದಿದೆ. ಇವೆರಡನ್ನೇ ಜೋಡಿಸಿದರೆ ಗಂಧೆ ಎದ್ದಿದ್ದು ಆಂಟಿಬಯಾಟಿಕ್ ಕೊಟ್ಟ ಮೇಲೆಯೇ ಅನ್ನಿಸುತ್ತದೆ.

ಆದರೆ 26 ಮಾರ್ಚ್ 11.50ಕ್ಕೆ, ಅಂದರೆ ರೋಗಿ ಬಂದ ಹತ್ತೇ ನಿಮಿಷಕ್ಕೆ, ಸಿಸ್ಟರ್ ಬರೆದ ನೋಟ್ ಬೇರೆ ಹೇಳುತ್ತದೆ: "ಜ್ವರ ಮೂರು ದಿನದಿಂದ. ಎದೆ, ತೋಳು ತುರಿಕೆ ಎರಡು ದಿನದಿಂದ. ಮುಖ ಸ್ವಲ್ಪ ಊದಿದ ಹಾಗಿದೆ." ಆಗಿನ್ನೂ ಸೆಫ್ಟ್ರಿಯಾಕ್ಸೋನ್‌ನ ಒಂದು ಹನಿಯೂ ಹೋಗಿರಲಿಲ್ಲ. ರೋಗಿಯ ಹೆಂಡತಿಯನ್ನು ಕೇಳಿದೆ. 24ರ ಸಂಜೆಯಿಂದಲೇ ಕೆರೆದುಕೊಳ್ಳುತ್ತಿದ್ದರು ಎಂದರು. 25 ಮಾರ್ಚ್ ಬೆಳಿಗ್ಗೆ 7.10ಕ್ಕೆ ಫೋನಿನಲ್ಲಿ ತೆಗೆದ ಫೋಟೊ ತೋರಿಸಿದರು. ಎದೆಯ ಮೇಲೆ ಕೆಂಪು ಗುಳ್ಳೆಗಳು ಅದರಲ್ಲಿ ಸ್ಪಷ್ಟವಾಗಿವೆ. ಸೆಫ್ಟ್ರಿಯಾಕ್ಸೋನ್‌ನ ಮೊದಲ ಡೋಸ್‌ಗಿಂತ 31 ಗಂಟೆ ಹಿಂದಿನ ಫೋಟೊ ಅದು. ಅವರ ಒಪ್ಪಿಗೆ ಪಡೆದು, ಮುಖ ಕಾಣದ ಹಾಗೆ ಕತ್ತರಿಸಿ, ಈ ವರದಿಗೆ ಸೇರಿಸಿದ್ದೇನೆ.

ರಕ್ತಪರೀಕ್ಷೆಯೂ ಅದನ್ನೇ ಹೇಳುತ್ತದೆ. 26 ಮಾರ್ಚ್ 12.15ಕ್ಕೆ ತೆಗೆದ ರಕ್ತದಲ್ಲಿ ಬಿಳಿ ಕಣಗಳು 12,400 ಇದ್ದವು. ಕೇಸ್ ಶೀಟ್‌ಗೆ ಇಳಿದಿದ್ದು ಆ ಒಂದು ಅಂಕಿ ಮಾತ್ರ, ಪಕ್ಕದಲ್ಲಿ "ಸೋಂಕು?" ಎಂದಿದೆ. ಲ್ಯಾಬ್‌ನ ಪೂರ್ತಿ ವರದಿ ತೆರೆದು ನೋಡಿದರೆ ಇಯೋಸಿನೊಫಿಲ್ 1,150 ಇದೆ. 4 ಮಾರ್ಚ್‌ಗೆ ಅದು 180 ಇತ್ತು. ಹಾಗಾಗಿ ಸೋಂಕು ಎಂದುಕೊಂಡು ಆಂಟಿಬಯಾಟಿಕ್ ಕೊಟ್ಟ ಆ ಜ್ವರವೇ ಅಡ್ಡಪರಿಣಾಮದ ಮೊದಲ ಲಕ್ಷಣ ಎಂಬುದು ನನ್ನ ತೀರ್ಮಾನ.

ಅಡ್ಡಪರಿಣಾಮ ಶುರುವಾದ ದಿನ ಎಂದು 23 ಮಾರ್ಚ್ 2025 ಅನ್ನೇ ತೆಗೆದುಕೊಳ್ಳಬೇಕು. ಫೆನಿಟೋಯಿನ್ ಶುರುವಾಗಿ 19 ದಿನ. ಡ್ರೆಸ್ ಸಾಮಾನ್ಯವಾಗಿ ಔಷಧ ಶುರುವಾದ 2ರಿಂದ 8 ವಾರಗಳ ನಡುವೆ ಬರುತ್ತದೆ, ಫೆನಿಟೋಯಿನ್ ಅದರ ಹೆಸರಾಂತ ಕಾರಣಗಳಲ್ಲಿ ಒಂದು.

ಮುಂದಿನದು ಹೀಗೆ. 27ರಂದು ಸೆಫ್ಟ್ರಿಯಾಕ್ಸೋನ್ ನಿಂತಿತು, ಫೆನಿಟೋಯಿನ್ ಮುಂದುವರಿಯಿತು. ಎರಡನೇ ಸಲ ದಾಖಲಾದ ಮೇಲೆ ಒಟ್ಟು ಆರು ಡೋಸ್ ಫೆನಿಟೋಯಿನ್ ಹೋಗಿದೆ. 28ರ ಬೆಳಿಗ್ಗೆ ಹೊತ್ತಿಗೆ ಗಂಧೆ ಮೈಯ ಅರ್ಧಕ್ಕಿಂತ ಜಾಸ್ತಿ ಭಾಗಕ್ಕೆ ಹರಡಿತ್ತು. ಮುಖ ಪೂರ್ತಿ ಊದಿತ್ತು, ಮುಟ್ಟಿದರೆ ಚರ್ಮ ದಪ್ಪ. ಜ್ವರ 39.2 ಡಿಗ್ರಿ ಸೆಲ್ಸಿಯಸ್. ಕುತ್ತಿಗೆ ಮತ್ತು ತೊಡೆಸಂದಿಯಲ್ಲಿ ಒಂದು ಸೆಂ.ಮೀ.ಗಿಂತ ದೊಡ್ಡ ಗಂಟುಗಳು. ಬಾಯಿ, ಕಣ್ಣು, ಜನನಾಂಗದಲ್ಲಿ ಹುಣ್ಣು ಇಲ್ಲ. ಬೊಬ್ಬೆ ಇಲ್ಲ, ಚರ್ಮ ಸುಲಿದಿಲ್ಲ. ಹಾಗಾಗಿ ಸ್ಟೀವನ್ಸ್-ಜಾನ್ಸನ್ ಅಲ್ಲ ಎಂದು ಚರ್ಮರೋಗ ತಜ್ಞರು ಬರೆದಿದ್ದಾರೆ.

ಅದೇ ದಿನ 11.15ಕ್ಕೆ ಫೆನಿಟೋಯಿನ್ ನಿಲ್ಲಿಸಲಾಯಿತು. ಬದಲಿಗೆ ಲೆವೆಟಿರಾಸೆಟಮ್ 500 ಮಿ.ಗ್ರಾಂ ದಿನಕ್ಕೆ ಎರಡು ಸಲ. ಜೊತೆಗೆ ಪ್ರೆಡ್ನಿಸೋಲೋನ್ 60 ಮಿ.ಗ್ರಾಂ.

ಲ್ಯಾಬ್ ಅಂಕಿಗಳು

ಎಎಲ್‌ಟಿ (ನಮ್ಮ ಲ್ಯಾಬ್‌ನ ಮೇಲಿನ ಮಿತಿ 40): 4 ಮಾರ್ಚ್ 28, 28 ಮಾರ್ಚ್ 486, 30 ಮಾರ್ಚ್ 612, 4 ಏಪ್ರಿಲ್ 240, 9 ಏಪ್ರಿಲ್ 96. ದಾಖಲಾದ ದಿನ, 26ರಂದು, ಲಿವರ್ ಪರೀಕ್ಷೆ ಕಳಿಸಿರಲಿಲ್ಲ.
ಇಯೋಸಿನೊಫಿಲ್: 4 ಮಾರ್ಚ್ 180, 26 ಮಾರ್ಚ್ 1,150, 28 ಮಾರ್ಚ್ 2,100, 4 ಏಪ್ರಿಲ್ 480.
28 ಮಾರ್ಚ್‌ನ ಸ್ಮಿಯರ್‌ನಲ್ಲಿ ಅಸಹಜ ಲಿಂಫೋಸೈಟ್‌ಗಳಿವೆ. ಬಿಲಿರುಬಿನ್ ಅತಿ ಹೆಚ್ಚೆಂದರೆ 1.6 (ಮಿತಿ 1.2). ಕ್ರಿಯಾಟಿನಿನ್ ಉದ್ದಕ್ಕೂ ಸಹಜ. ರಕ್ತದ ಕಲ್ಚರ್ ಎರಡು ಸಲವೂ ಐದು ದಿನಕ್ಕೆ ಬೆಳವಣಿಗೆ ಇಲ್ಲ. ಹೆಪಟೈಟಿಸ್ ಎ, ಬಿ, ಸಿ ನೆಗೆಟಿವ್. ಎಎನ್‌ಎ ನೆಗೆಟಿವ್. ಫೆನಿಟೋಯಿನ್ ಮಟ್ಟ 14 ಮೈಕ್ರೋಗ್ರಾಂ ಪ್ರತಿ ಮಿ.ಲೀ.ಗೆ, ಅಂದರೆ 10ರಿಂದ 20ರ ಸರಿಯಾದ ಮಿತಿಯೊಳಗೇ ಇತ್ತು. ಡೋಸ್ ಜಾಸ್ತಿಯಾಗಿ ಆದದ್ದಲ್ಲ ಇದು. ಚರ್ಮದ ಬಯಾಪ್ಸಿ ಮಾಡಿಲ್ಲ.

ರೆಜಿಸ್ಕಾರ್ ಅಂಕ 8: ಗಂಟುಗಳಿಗೆ 1, ಇಯೋಸಿನೊಫಿಲ್‌ಗೆ 2, ಅಸಹಜ ಲಿಂಫೋಸೈಟ್‌ಗೆ 1, ಗಂಧೆಯ ಹರಡುವಿಕೆಗೆ 1, ಅದರ ಸ್ವರೂಪಕ್ಕೆ 1, ಲಿವರ್‌ಗೆ 1, ಬೇರೆ ಕಾರಣಗಳನ್ನು ಪರೀಕ್ಷಿಸಿ ತಳ್ಳಿಹಾಕಿದ್ದಕ್ಕೆ 1. 6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಚಿತ ಡ್ರೆಸ್ ಎಂದು ಲೆಕ್ಕ.

ಗಂಭೀರತೆ ಮತ್ತು ತೀವ್ರತೆ

ಗಂಭೀರ: ಹೌದು. ಅಡ್ಡಪರಿಣಾಮದಿಂದಲೇ ಆಸ್ಪತ್ರೆಗೆ ದಾಖಲಾಗಬೇಕಾಯಿತು. ಡ್ರೆಸ್ ತಾನೇ ಜೀವಕ್ಕೆ ಕುತ್ತು ತರಬಲ್ಲ ಸ್ಥಿತಿ, ಆದರೆ ಈ ರೋಗಿಯ ಪ್ರಾಣಕ್ಕೆ ಯಾವ ಹೊತ್ತಿನಲ್ಲೂ ನೇರ ಅಪಾಯ ಇರಲಿಲ್ಲ. ಆದ್ದರಿಂದ "ಪ್ರಾಣಾಪಾಯ" ಎಂಬ ಕಲಂ ಗುರುತಿಸಿಲ್ಲ.

ತೀವ್ರತೆ ಬೇರೆ ಪ್ರಶ್ನೆ. ಹಾರ್ಟ್‌ವಿಗ್ ಮಾಪಕದಲ್ಲಿ 4ನೇ ಹಂತ, ಅಂದರೆ ಮಧ್ಯಮ. ಐಸಿಯು ಬೇಕಾಗಲಿಲ್ಲ, ಶಾಶ್ವತ ಹಾನಿ ಕಂಡಿಲ್ಲ. ಎಎಲ್‌ಟಿ ಒಂದನ್ನೇ ತೆಗೆದುಕೊಂಡರೆ ಅದು ಮಿತಿಯ 15 ಪಟ್ಟು ಏರಿತ್ತು, ಸಿಟಿಸಿಎಇ ಲೆಕ್ಕದಲ್ಲಿ 3ನೇ ದರ್ಜೆ. ಬಿಲಿರುಬಿನ್ ಮಿತಿಯ ಎರಡು ಪಟ್ಟು ದಾಟಲಿಲ್ಲ ಎಂಬುದು ಸಮಾಧಾನದ ವಿಷಯ.

ಕಾರಣ ಸಂಬಂಧ

ಫೆನಿಟೋಯಿನ್: ನರಾಂಜೊ ಅಂಕ 7, ಡಬ್ಲ್ಯುಎಚ್‌ಒ-ಯುಎಂಸಿ ವರ್ಗ "ಸಂಭವನೀಯ". ನಿಲ್ಲಿಸಿದ ಮೇಲೆ ಜ್ವರ 31 ಮಾರ್ಚ್‌ಗೆ ಇಳಿಯಿತು, ಎಎಲ್‌ಟಿ ಎರಡು ದಿನ ಏರಿ ಆಮೇಲೆ ಇಳಿಯತೊಡಗಿತು. ಇಲ್ಲೊಂದು ಮಾತು ಹೇಳಲೇಬೇಕು: ಫೆನಿಟೋಯಿನ್ ನಿಲ್ಲಿಸಿದ್ದು, ಸ್ಟೀರಾಯ್ಡ್ ಶುರುವಾದದ್ದು ಎರಡೂ ಒಂದೇ ದಿನ. ಗುಣವಾದದ್ದರಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಆಗದು. ಔಷಧವನ್ನು ಮತ್ತೆ ಕೊಟ್ಟು ನೋಡಿಲ್ಲ, ಕೊಡಲೂಬಾರದು. "ಖಚಿತ" ಎಂದು ಬರೆಯದೆ ಇರುವುದಕ್ಕೆ ಇವೇ ಕಾರಣ.

ಸೆಫ್ಟ್ರಿಯಾಕ್ಸೋನ್: "ಅಸಂಭವ". ಜ್ವರ, ತುರಿಕೆ, ಗಂಧೆ, ಇಯೋಸಿನೊಫಿಲ್ ಏರಿಕೆ ನಾಲ್ಕೂ ಮೊದಲ ಡೋಸ್‌ಗಿಂತ ಮುಂಚೆಯೇ ಇದ್ದವು. ಅದನ್ನು ನಿಲ್ಲಿಸಿದ ಮೇಲೆ ಒಂದು ದಿನ ಪೂರ್ತಿ ಗಂಧೆ ಹೆಚ್ಚುತ್ತಲೇ ಹೋಯಿತು.

ಪ್ಯಾರಸಿಟಮಾಲ್: "ಅಸಂಭವ". ಜ್ವರ ಬಂದ ಮೇಲೆ ತೆಗೆದುಕೊಂಡದ್ದು.

ತಡೆಯಬಹುದಿತ್ತೇ

ಅಡ್ಡಪರಿಣಾಮ ಬರುವುದನ್ನು ತಡೆಯಲು ಆಗುತ್ತಿರಲಿಲ್ಲ. ಔಷಧ ಬೇಕಿತ್ತು, ಡೋಸ್ ಸರಿಯಿತ್ತು, ಹಳೆಯ ಅಲರ್ಜಿ ಇರಲಿಲ್ಲ. ಆದರೆ ಎರಡು ದಿನ ಮುಂಚೆ ಗುರುತಿಸಬಹುದಿತ್ತು. ಡ್ರೆಸ್‌ನಲ್ಲಿ ಕಾರಣವಾದ ಔಷಧವನ್ನು ಎಷ್ಟು ಬೇಗ ನಿಲ್ಲಿಸುತ್ತೇವೋ ಅಷ್ಟು ಒಳ್ಳೆಯದು. ಫಿಟ್ಸ್ ಔಷಧ ಹೊಸದಾಗಿ ಶುರುವಾದ ಎರಡು ತಿಂಗಳೊಳಗೆ ಜ್ವರ ಮತ್ತು ತುರಿಕೆಯಿಂದ ಬಂದವರಿಗೆ ಮೊದಲ ದಿನವೇ ಇಯೋಸಿನೊಫಿಲ್ ಎಣಿಕೆ ಮತ್ತು ಲಿವರ್ ಪರೀಕ್ಷೆ ನೋಡುವಂತೆ ವಾರ್ಡ್ ವೈದ್ಯರ ಜೊತೆ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ.

ಫಲಿತಾಂಶ

ವರದಿ ಬರೆಯುವ ಹೊತ್ತಿಗೆ: ಗುಣವಾಗುತ್ತಿದ್ದಾರೆ, ಪೂರ್ತಿ ಗುಣವಾಗಿಲ್ಲ. 10 ಏಪ್ರಿಲ್‌ಗೆ ಡಿಸ್ಚಾರ್ಜ್. ಮುಖದ ಊತ ಹೋಗಿದೆ, ಗಂಧೆ ಮಾಸಿ ತೆಳುವಾಗಿ ಸಿಪ್ಪೆ ಏಳುತ್ತಿದೆ, ಎಎಲ್‌ಟಿ ಇನ್ನೂ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ಫಿಟ್ಸ್ ಮರುಕಳಿಸಿಲ್ಲ. ಪ್ರೆಡ್ನಿಸೋಲೋನ್ ಅನ್ನು ವಾರಗಟ್ಟಲೆ ನಿಧಾನವಾಗಿ ಇಳಿಸಲಾಗುವುದು, ಬೇಗ ಇಳಿಸಿದರೆ ಡ್ರೆಸ್ ಮರುಕಳಿಸುವುದುಂಟು.

ರೋಗಿಗೆ ಹೇಳಿದ್ದು, ದಾಖಲೆಯಲ್ಲಿ ಬದಲಿಸಿದ್ದು

ಕೇಸ್ ಶೀಟ್‌ನ ಮುಖಪುಟದಲ್ಲಿ "ಸೆಫ್ಟ್ರಿಯಾಕ್ಸೋನ್ ಅಲರ್ಜಿ" ಎಂದು ಕೆಂಪು ಶಾಯಿಯಲ್ಲಿ ಬರೆದಾಗಿತ್ತು. ವಾರ್ಡ್ ಮುಖ್ಯಸ್ಥರ ಸಹಿಯೊಂದಿಗೆ ಅದನ್ನು ರದ್ದುಮಾಡಿ "ಫೆನಿಟೋಯಿನ್: ಡ್ರೆಸ್, ಮತ್ತೆ ಕೊಡಬಾರದು" ಎಂದು ಬರೆಸಲಾಗಿದೆ. ಹಳೆಯ ಬರಹ ಹಾಗೇ ಉಳಿದಿದ್ದರೆ ಈ ರೋಗಿಗೆ ಮುಂದೆ ಬೇಕಾದ ಆಂಟಿಬಯಾಟಿಕ್ ಸಿಗುತ್ತಿರಲಿಲ್ಲ, ಬೇಡದ ಫೆನಿಟೋಯಿನ್ ಮಾತ್ರ ಯಾರಾದರೂ ಮತ್ತೆ ಕೊಡುವ ಸಾಧ್ಯತೆ ಇತ್ತು.

ಕಾರ್ಬಮಜೆಪೈನ್, ಆಕ್ಸ್‌ಕಾರ್ಬಜೆಪೈನ್, ಫೆನೋಬಾರ್ಬಿಟಾಲ್, ಲ್ಯಾಮೋಟ್ರಿಜಿನ್ ಕೂಡ ಇದೇ ರೀತಿ ಕೆರಳಿಸಬಹುದು ಎಂದು ರೋಗಿಗೂ ಹೆಂಡತಿಗೂ ವಿವರಿಸಿ, ಹೆಸರುಗಳನ್ನು ಬರೆದ ಚೀಟಿ ಕೊಟ್ಟಿದ್ದೇನೆ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಆ ಚೀಟಿ ತೋರಿಸಿ ಎಂದಿದ್ದೇನೆ. ಜ್ವರ, ಕಣ್ಣು ಹಳದಿ, ಹೊಸ ಗಂಧೆ ಕಂಡರೆ ಕಾಯದೆ ಬರಬೇಕು ಎಂದೂ ಹೇಳಲಾಗಿದೆ.

ಮುಂದಿನ ವರದಿ

ಲಿವರ್ ಪರೀಕ್ಷೆ ಮತ್ತು ರಕ್ತಕಣ ಎಣಿಕೆ 17 ಏಪ್ರಿಲ್‌ಗೆ, ಆಮೇಲೆ ಸಹಜವಾಗುವವರೆಗೆ ವಾರಕ್ಕೊಮ್ಮೆ. ಡ್ರೆಸ್ ಆದ ಕೆಲವರಲ್ಲಿ ತಿಂಗಳುಗಳ ನಂತರ ಥೈರಾಯ್ಡ್ ತೊಂದರೆ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಜೂನ್ ಕೊನೆಯಲ್ಲಿ ಟಿಎಸ್‌ಎಚ್ ನೋಡಲಾಗುವುದು. ಎಎಲ್‌ಟಿ ಸಹಜಕ್ಕೆ ಬಂದ ಕೂಡಲೇ ಮೊದಲ ಅನುಸರಣಾ ವರದಿ, ಟಿಎಸ್‌ಎಚ್ ಫಲಿತಾಂಶದ ಜೊತೆ ಎರಡನೆಯದು, ಇದೇ ರೋಗಿ ಸಂಕೇತದಡಿ ಕಳಿಸುತ್ತೇನೆ.