ಹೆಪಾಟಿಕ್ ಎನ್ಸೆಫಲೋಪತಿ: ವಾರ್ಡ್ 3, ಹಾಸಿಗೆ 11ರ ಆರೈಕೆ ಯೋಜನೆ

ರೋಗಿ 56 ವರ್ಷದ ಗಂಡಸು. ಕುಡಿತದಿಂದ ಬಂದ ಲಿವರ್ ಸಿರೋಸಿಸ್. ಎರಡು ವರ್ಷದಿಂದ ಕುಡಿದಿಲ್ಲ ಎಂದು ಹೆಂಡತಿ ಹೇಳುತ್ತಾರೆ. ಚೈಲ್ಡ್-ಪ್ಯೂ ಅಂಕ 11, ಅಂದರೆ ಸಿ ವರ್ಗ. ಹೊಟ್ಟೆಯಲ್ಲಿ ಸ್ವಲ್ಪ ನೀರಿದೆ. ನೀರಿನ ಭಾರ ಬಿಟ್ಟರೆ ತೂಕ ಅಂದಾಜು 62 ಕಿ.ಗ್ರಾಂ. ಆರು ತಿಂಗಳ ಹಿಂದೆ ಒಮ್ಮೆ ಹೀಗೇ ಗೊಂದಲವಾಗಿ ದಾಖಲಾಗಿದ್ದರು. ಇದು ಎರಡನೇ ಸಲ.

ನಿನ್ನೆ ಬಂದಾಗ ಇಸವಿ, ವಾರ ಎರಡೂ ತಪ್ಪು ಹೇಳಿದರು. ಕೈ ಚಾಚಿದರೆ ಅಂಗೈ ರೆಕ್ಕೆಯಂತೆ ಬಡಿಯುತ್ತಿತ್ತು. ವೆಸ್ಟ್ ಹೇವನ್ ಗ್ರೇಡ್ 2. ಇವತ್ತು ಬೆಳಿಗ್ಗೆಯೂ ಗ್ರೇಡ್ 2, ಆದರೆ ಮಾತು ಸ್ವಲ್ಪ ತಿಳಿಯಾಗಿದೆ.

ಏನು ಕೆರಳಿಸಿತು

ಎನ್ಸೆಫಲೋಪತಿ ಸುಮ್ನೆ ಬರುವುದು ಕಡಿಮೆ. ಇವರ ವಿಷಯದಲ್ಲಿ ಮೂರು ಕಾರಣ ಸಿಕ್ಕಿವೆ. ನಾಲ್ಕು ದಿನದಿಂದ ಮಲ ಹೋಗಿರಲಿಲ್ಲ. ಕಳೆದ ವಾರ ಫ್ಯೂರೋಸಮೈಡ್ ಜಾಸ್ತಿ ಮಾಡಿದ್ದರಿಂದ ಪೊಟ್ಯಾಸಿಯಮ್ 3.1ಕ್ಕೆ ಇಳಿದಿದೆ. ನಿದ್ದೆ ಬರುವುದಿಲ್ಲ ಎಂದು ಮನೆಯಲ್ಲಿದ್ದ ನಿದ್ದೆ ಮಾತ್ರೆಯನ್ನೂ ನುಂಗಿದ್ದಾರೆ. ಆ ನಿದ್ದೆಗೇಡು ಕಾಯಿಲೆಯ ಮೊದಲ ಲಕ್ಷಣವೇ ಆಗಿದ್ದಿರಬಹುದು.

ಸೋಂಕು, ರಕ್ತಸ್ರಾವ ಇವೆಯೇ ಎಂದೂ ನೋಡಿದ್ದೇವೆ. ಹೊಟ್ಟೆಯ ನೀರಿನಲ್ಲಿ ನ್ಯೂಟ್ರೋಫಿಲ್ 140 ಮಾತ್ರ, 250 ದಾಟಿದ್ದರೆ ಸೋಂಕು ಎನ್ನಬೇಕಿತ್ತು. ಮಲ ಕಪ್ಪಾಗಿಲ್ಲ. ತಲೆಯ ಸಿಟಿ ಸ್ಕ್ಯಾನ್‌ನಲ್ಲಿ ರಕ್ತ ಕಂಡಿಲ್ಲ. ಜ್ವರ ಬಂದರೆ ಸೋಂಕಿನ ಹುಡುಕಾಟ ಮತ್ತೆ ಮೊದಲಿಂದ ಶುರು.

ಫ್ಯೂರೋಸಮೈಡ್ ನಿಲ್ಲಿಸಲಾಗಿದೆ. ಪೊಟ್ಯಾಸಿಯಮ್ ಕೊಡುತ್ತಿದ್ದೇವೆ, ಗುರಿ 4. ಇದನ್ನು ಹಗುರವಾಗಿ ನೋಡಬೇಡಿ. ಪೊಟ್ಯಾಸಿಯಮ್ ಕಡಿಮೆಯಾದರೆ ಕಿಡ್ನಿಯೇ ಜಾಸ್ತಿ ಅಮೋನಿಯಾ ತಯಾರಿಸುತ್ತದೆ. ಸೋಡಿಯಂ 131 ಇದೆ. ಅದು ಇನ್ನೂ ಇಳಿದರೂ ಏರಿಸುವ ಅವಸರ ಬೇಡ, 24 ಗಂಟೆಯಲ್ಲಿ 8ಕ್ಕಿಂತ ಜಾಸ್ತಿ ಏರಬಾರದು. ಪೋಷಣೆ ಕಡಿಮೆ ಇರುವುದರಿಂದ ಥಯಾಮಿನ್ ಕೊಡುತ್ತಿದ್ದೇವೆ. ಗ್ಲೂಕೋಸ್ ಡ್ರಿಪ್ ಹಾಕಬೇಕಾದರೆ ಅದಕ್ಕೂ ಮುಂಚೆ ಥಯಾಮಿನ್ ಹೋಗಿರಬೇಕು.

ಅಮೋನಿಯಾ ಇಳಿಸುವುದು

ಲ್ಯಾಕ್ಟುಲೋಸ್ ಕರುಳಿನಲ್ಲಿ ಹುಳಿ ಹೆಚ್ಚಿಸುತ್ತದೆ. ಆಗ ಅಮೋನಿಯಾ ರಕ್ತಕ್ಕೆ ಸೇರದೆ ಮಲದಲ್ಲೇ ಉಳಿದು ಹೊರಗೆ ಹೋಗುತ್ತದೆ. ನಿನ್ನೆ ಮಲ ಹೋಗುವ ತನಕ ಎರಡು ಗಂಟೆಗೊಮ್ಮೆ 30 ಮಿ.ಲೀ. ಕೊಟ್ಟೆವು. ಇವತ್ತಿನಿಂದ ದಿನಕ್ಕೆ ಮೂರು ಸಲ 30 ಮಿ.ಲೀ.

ನಮ್ಮ ಗುರಿ ದಿನಕ್ಕೆ 2ರಿಂದ 3 ಮೆತ್ತನೆಯ ಮಲ. ಸಂಜೆ ಆರಕ್ಕೆ ಲೆಕ್ಕ ನೋಡಿ. ಎರಡಕ್ಕಿಂತ ಕಡಿಮೆ ಇದ್ದರೆ ರಾತ್ರಿಯ ಡೋಸ್ 45 ಮಿ.ಲೀ. ಮಾಡಿ. ನಾಲ್ಕು ದಾಟಿದರೆ, ಅಥವಾ ನೀರಿನಂತೆ ಹೋದರೆ, ಒಂದು ಡೋಸ್ ತಡೆದು ನನಗೆ ತಿಳಿಸಿ. ಬೇಧಿ ಹೆಚ್ಚಾದಷ್ಟೂ ಒಳ್ಳೆಯದು ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ನೀರು, ಪೊಟ್ಯಾಸಿಯಮ್ ಎರಡೂ ಕಳೆದುಹೋಗಿ ಗೊಂದಲ ವಾಪಸ್ ಬರುತ್ತದೆ. ಹಾಗಾಗಿ ಚಾರ್ಟ್‌ನಲ್ಲಿ 'ಮಲ ಆಯಿತು' ಎಂದಷ್ಟೇ ಬರೆದರೆ ಸಾಲದು. ಎಷ್ಟು ಸಲ, ಹೇಗಿತ್ತು, ಯಾವ ಬಣ್ಣ ಎಂದು ಬರೆಯಿರಿ.

ಗ್ರೇಡ್ 3ಕ್ಕೆ ಜಾರಿದರೆ ಬಾಯಿಗೆ ಏನೂ ಹಾಕಬೇಡಿ. ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಆಗ 300 ಮಿ.ಲೀ. ಲ್ಯಾಕ್ಟುಲೋಸ್‌ಗೆ 700 ಮಿ.ಲೀ. ನೀರು ಬೆರೆಸಿ ಎನಿಮಾ ಕೊಡಿ. ಎಡಮಗ್ಗುಲಲ್ಲಿ ಮಲಗಿಸಿ. ಅರ್ಧ ಗಂಟೆಯಿಂದ ಒಂದು ಗಂಟೆ ಒಳಗೆ ಉಳಿಯಬೇಕು.

ಇದು ಎರಡನೇ ಸಲವಾದ್ದರಿಂದ ರಿಫಾಕ್ಸಿಮಿನ್ 550 ಮಿ.ಗ್ರಾಂ ದಿನಕ್ಕೆರಡು ಸಲ ಸೇರಿಸಿದ್ದೇವೆ. ಇದು ಲ್ಯಾಕ್ಟುಲೋಸ್ ಜೊತೆಗೆ, ಅದರ ಬದಲಿಗೆ ಅಲ್ಲ.

ರಕ್ತದ ಅಮೋನಿಯಾ ನಿನ್ನೆ ಜಾಸ್ತಿ ಇತ್ತು. ದಿನಾ ಮತ್ತೆ ಕಳಿಸಬೇಡಿ. ಆ ಸಂಖ್ಯೆಗೂ ರೋಗಿಯ ಎಚ್ಚರಕ್ಕೂ ನೇರ ತಾಳೆ ಇಲ್ಲ. ಸಂಖ್ಯೆ ಇಳಿಯಿತೆಂದು ಔಷಧಿ ಕಡಿಮೆ ಮಾಡುವುದೂ ಇಲ್ಲ. ಅದರ ನಿಜವಾದ ಉಪಯೋಗ ಬೇರೆ: ಗೊಂದಲ ಇದ್ದೂ ಅಮೋನಿಯಾ ಸರಿಯಾಗಿದ್ದರೆ ಬೇರೆ ಕಾಯಿಲೆ ಹುಡುಕಬೇಕು. ಕಳಿಸಲೇಬೇಕಾದರೆ ಪಟ್ಟಿ ಬಿಗಿಯದೆ ರಕ್ತ ತೆಗೆದು, ಐಸ್‌ನಲ್ಲಿಟ್ಟು, ಕೂಡಲೇ ಲ್ಯಾಬ್ ಮುಟ್ಟಿಸಿ.

ಊಟ

ಹಳೆಯ ಫೈಲ್‌ನಲ್ಲಿ 'ಪ್ರೋಟೀನ್ ಬೇಡ' ಎಂದಿದೆ. ಅದನ್ನು ರದ್ದು ಮಾಡಿದ್ದೇನೆ. ಲಿವರ್ ಕೈಕೊಟ್ಟಾಗ ಅಮೋನಿಯಾ ಹಿಡಿದು ಗ್ಲುಟಮಿನ್ ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಸ್ನಾಯುವಿನದು. ಇವರ ತೋಳು ತೊಡೆ ಆಗಲೇ ಸೊರಗಿವೆ. ಇನ್ನೂ ಉಪವಾಸ ಹಾಕಿದರೆ ಉಳಿದ ಸ್ನಾಯುವೂ ಕರಗುತ್ತದೆ.

ದಿನಕ್ಕೆ 74ರಿಂದ 93 ಗ್ರಾಂ ಪ್ರೋಟೀನ್ (ಕಿಲೋಗೆ 1.2ರಿಂದ 1.5), ಸುಮಾರು 2,200 ಕ್ಯಾಲರಿ. ಬೇಳೆಕಾಳು, ಹಾಲು, ಮೊಸರು ಮೊದಲ ಆಯ್ಕೆ. ಮೊಟ್ಟೆಯೂ ಆಗಬಹುದು. ಎಚ್ಚರವಿದ್ದಾಗ ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ಆದರೆ ಸಪ್ಪೆ ಎಂದು ತಟ್ಟೆ ದೂಡಿದರೆ ಡಯಟೀಷಿಯನ್‌ಗೆ ಹೇಳಿ. ಉಪ್ಪಿನ ಲೆಕ್ಕ ಸರಿಯಾಗಿ ಹೊಟ್ಟೆ ಖಾಲಿ ಉಳಿದರೆ ಪ್ರಯೋಜನವಿಲ್ಲ.

ರಾತ್ರಿ ಹತ್ತರ ತಿಂಡಿ ತಪ್ಪಲೇಬಾರದು. 50 ಗ್ರಾಂನಷ್ಟು ಪಿಷ್ಟವಿರುವ ಆಹಾರ, ಜೊತೆಗೆ ಒಂದು ಲೋಟ ಹಾಲು. ಸಿರೋಸಿಸ್ ಇದ್ದವರಿಗೆ ಒಂದು ರಾತ್ರಿಯ ಉಪವಾಸವೇ ಸ್ನಾಯು ಕರಗಿಸಲು ಸಾಕು. ಸಕ್ಕರೆ ಕುಸಿಯಬಹುದು, ಆರು ಗಂಟೆಗೊಮ್ಮೆ ನೋಡಿ.

ನರಮಂಡಲದ ನಿಗಾ

ಗ್ರೇಡ್ 2 ಇರುವ ತನಕ ಎರಡು ಗಂಟೆಗೊಮ್ಮೆ, ಆಮೇಲೆ ನಾಲ್ಕು ಗಂಟೆಗೊಮ್ಮೆ. ಪ್ರತಿ ಸಲವೂ ಜಿಸಿಎಸ್, ಪಾಪೆ, ಉಸಿರು. ಇಸವಿ, ತಿಂಗಳು, ಇರುವ ಜಾಗ ಕೇಳಿ. ಕೈ ಚಾಚಿಸಿ, ಮಣಿಕಟ್ಟು ಹಿಂದಕ್ಕೆ ಬಾಗಿಸಿ, ಅರ್ಧ ನಿಮಿಷ ನೋಡಿ. ಗ್ರೇಡ್ 3ಕ್ಕೆ ಹೋದರೆ ಈ ಬಡಿತ ಕಾಣದೇ ಇರಬಹುದು. ನಡುಕ ನಿಂತಿತೆಂದು ಸುಧಾರಣೆ ಬರೆಯಬೇಡಿ.

ಬೆಳಿಗ್ಗೆ ಎಂಟಕ್ಕೆ ಎರಡು ಪರೀಕ್ಷೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎಣಿಸಿ. ಇವತ್ತು ಆರು. ಹತ್ತು ದಾಟಬೇಕು. ಎರಡನೆಯದು, ಹೆಸರು ಬರೆಸಿ, ನಕ್ಷತ್ರ ಬಿಡಿಸಿಸಿ, ಅದೇ ಹಾಳೆಯಲ್ಲಿ ದಿನಾಂಕ ಹಾಕಿ. ನಿನ್ನೆಯ ಗೆರೆಗೂ ಇವತ್ತಿನದಕ್ಕೂ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ.

ರಾತ್ರಿ ಪಾಳಿಯವರಿಗೆ: ಇವರು ಹಗಲು ತೂಗಡಿಸಿ ರಾತ್ರಿ ಎದ್ದಿರುತ್ತಾರೆ. ನಿದ್ದೆಯೋ ಮಂಪರೋ ಎಂದು ನೋಡಿ ಹೇಳಲಾಗದು. ಎಬ್ಬಿಸಿ. ಪೂರ್ತಿ ಎಚ್ಚರವಾಗಿ ಉತ್ತರ ಕೊಟ್ಟರೆ ನಿದ್ದೆ. ಎದ್ದು ಗಲಾಟೆ ಮಾಡಿದರೆ ನಿದ್ದೆ ಮಾತ್ರೆ, ಮಂಪರಿನ ಇಂಜೆಕ್ಷನ್ ಕೊಡಬೇಡಿ, ನನ್ನನ್ನು ಕರೆಯಿರಿ. ನೋವಿಗೆ ಪ್ಯಾರಾಸಿಟಮಾಲ್, ದಿನಕ್ಕೆ 2 ಗ್ರಾಂ ಒಳಗೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ಹಾಸಿಗೆ ತಗ್ಗಿಸಿ, ಬದಿಯ ಕಂಬಿ ಏರಿಸಿರಲಿ. ಶೌಚಕ್ಕೆ ಒಬ್ಬರೇ ಹೋಗುವುದು ಬೇಡ.

ಜಿಸಿಎಸ್ ಎರಡು ಅಂಕ ಇಳಿದರೆ ತಕ್ಷಣ ಕರೆಯಿರಿ. 8 ಅಥವಾ ಕಡಿಮೆಯಾದರೆ ಉಸಿರ ದಾರಿ ಕಾಯಲು ಐಸಿಯು. ಒಂದು ಪಾಪೆ ದೊಡ್ಡದಾದರೆ, ಒಂದು ಕಡೆ ಕೈಕಾಲು ಸೋತರೆ, ಫಿಟ್ಸ್ ಬಂದರೆ ಅದನ್ನು ಅಮೋನಿಯಾದ ತಲೆಗೆ ಕಟ್ಟಬೇಡಿ. ಮತ್ತೆ ಸಿಟಿ ಮಾಡಿಸಬೇಕು.

ಮನೆಗೆ ಕಳಿಸುವಾಗ

ಎರಡು ದಿನ ಸತತ ಸರಿ ಉತ್ತರ, ಸರಿಯಾದ ಮಲದ ಲೆಕ್ಕ, ಪೊಟ್ಯಾಸಿಯಮ್ ಸಮ, ಇಷ್ಟಾದರೆ ಕಳಿಸಬಹುದು. ಕಸಿಯ ತಂಡಕ್ಕೆ ಪತ್ರ ಇದೇ ದಾಖಲಾತಿಯಲ್ಲಿ ಹೋಗಬೇಕು. ಹೆಂಡತಿಗೆ ಇದನ್ನು ಬರೆದು ಕೊಡಿ:

ಅಮ್ಮಾ, ಗೊಂದಲ ಹೋಯಿತೆಂದು ಲ್ಯಾಕ್ಟುಲೋಸ್ ನಿಲ್ಲಿಸಬೇಡಿ. ಮಲದ ಲೆಕ್ಕ ಮನೆಯಲ್ಲೂ ಬರೆಯಿರಿ. ನಾವು ಹೇಳುವ ತನಕ ಅವರು ಗಾಡಿ ಓಡಿಸುವುದು ಬೇಡ, ತನಗೆ ಏನೂ ಆಗಿಲ್ಲ ಎಂದು ಅವರೇ ಹಟ ಹಿಡಿದರೂ. ನಿದ್ದೆ ಮಾತ್ರೆ ಮನೆಯಿಂದ ತೆಗೆಯಿರಿ. ಹಗಲು ರಾತ್ರಿ ಅದಲುಬದಲಾದರೆ, ಕಾರಣವಿಲ್ಲದೆ ಸಿಡುಕಿದರೆ, ಬರೆಯುವಾಗ ಅಕ್ಷರ ಕೆಟ್ಟರೆ, ಇಡೀ ದಿನ ಮಲ ಹೋಗದಿದ್ದರೆ ಅವತ್ತೇ ವಾರ್ಡ್‌ಗೆ ಫೋನ್ ಮಾಡಿ. ಕರೆದರೆ ಏಳದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಟಾರಿನಂತೆ ಕಪ್ಪಾದರೆ ಫೋನ್ ಮಾಡುತ್ತ ಕೂರಬೇಡಿ, ನೇರ ತುರ್ತು ವಿಭಾಗಕ್ಕೆ ಕರೆತನ್ನಿ.