ಆಟೋಕ್ಲೇವ್ ದಾಖಲೆ ಮತ್ತು ಇಂಡಿಕೇಟರ್ ತಪಾಸಣೆ: 9ರಿಂದ 11 ಜೂನ್ 2025

ಯಂತ್ರ: ಒ.ಟಿ. ಪಕ್ಕದ ಕೋಣೆಯ ಹಾರಿಜಾಂಟಲ್ ಆಟೋಕ್ಲೇವ್, ಗ್ರಾವಿಟಿ ಮಾದರಿ. ಪೊಟ್ಟಣ ಕಟ್ಟಿದ ಲೋಡ್‌ಗೆ ನಿಗದಿಯಾದ ಸೈಕಲ್: 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡ, 30 ನಿಮಿಷ, ಆನಂತರ 20 ನಿಮಿಷ ಒಣಗಿಸುವುದು.
ದಾಖಲಿಸಿದವರು: ಒ.ಟಿ. ಉಸ್ತುವಾರಿ ಶುಶ್ರೂಷಕಿ. ಪರಿಶೀಲಿಸಿದವರು: ಕ್ಲಿನಿಕ್‌ನ ಶಸ್ತ್ರಚಿಕಿತ್ಸಕರು.

ಸೋಮವಾರ, 9 ಜೂನ್. ಲೋಡ್ 1

ಹರ್ನಿಯಾ ಸೆಟ್ ಎರಡು, ಮೈನರ್ ಸೆಟ್ ಮೂರು, ಕೆ-ವೈರ್ ಸೆಟ್ ಒಂದು. ಎಲ್ಲ ಉಪಕರಣಗಳನ್ನೂ ಎನ್‌ಜೈಮ್ ದ್ರಾವಣದಲ್ಲಿ ನೆನೆಸಿ, ಆರ್ಟರಿ ಫೋರ್ಸೆಪ್ಸ್‌ಗಳ ಕೀಲುಗಳನ್ನು ಬ್ರಷ್‌ನಿಂದ ಉಜ್ಜಿ, ತೊಳೆದು ಒರೆಸಿ, ಲಾಕ್ ಬಿಚ್ಚಿದ ಸ್ಥಿತಿಯಲ್ಲೇ ಟ್ರೇಗೆ ಜೋಡಿಸಲಾಗಿದೆ. ಪ್ರತಿ ಪೊಟ್ಟಣದ ಒಳಗೆ ಐದನೇ ವರ್ಗದ ಇಂಟಿಗ್ರೇಟರ್ ಪಟ್ಟಿ, ಹೊರಗೆ ಇಂಡಿಕೇಟರ್ ಟೇಪ್. ವಾರದ ಸ್ಪೋರ್ ಪರೀಕ್ಷೆಯ ವಯಲ್ (ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್) ಇರುವ ಪೊಟ್ಟಣವನ್ನು ಕೆಳಗಿನ ತಟ್ಟೆಯಲ್ಲಿ, ಡ್ರೈನ್ ಬಳಿ ಇಡಲಾಯಿತು.

121 ಡಿಗ್ರಿ ತಲುಪಿದ ಸಮಯ 9:05, ಮುಗಿದ ಸಮಯ 9:35. ಹತ್ತತ್ತು ನಿಮಿಷಕ್ಕೊಮ್ಮೆ ನೋಡಿದಾಗ ಉಷ್ಣತೆ 121ಕ್ಕಿಂತ ಕೆಳಗೆ ಇಳಿದಿರಲಿಲ್ಲ. ಪೊಟ್ಟಣಗಳು ಒಣಗಿದ್ದವು, ಟೇಪ್‌ನ ಗೆರೆಗಳು ಕಪ್ಪಾಗಿದ್ದವು. ಹರ್ನಿಯಾ ಮತ್ತು ಮೈನರ್ ಸೆಟ್‌ಗಳನ್ನು ಬಳಕೆಗೆ ಬಿಡಲಾಗಿದೆ. ಸೆಟ್ ಬಿಚ್ಚಿದ ಕೂಡಲೇ ಒಳಗಿನ ಪಟ್ಟಿಯನ್ನು ಸ್ಕ್ರಬ್ ನರ್ಸ್ ಓದಿ ಹೇಳಬೇಕು, ಲೋಡ್ ಸಂಖ್ಯೆಯ ಚೀಟಿಯನ್ನು ರೋಗಿಯ ಕೇಸ್ ಶೀಟ್‌ಗೆ ಅಂಟಿಸಬೇಕು. ಕೆ-ವೈರ್ ದೇಹದೊಳಗೆ ಉಳಿಯುವ ವಸ್ತುವಾದ್ದರಿಂದ ಆ ಸೆಟ್‌ಗೆ ಕೆಂಪು ಚೀಟಿ ಕಟ್ಟಿ, ಸ್ಪೋರ್ ಪರೀಕ್ಷೆಯ ಫಲಿತಾಂಶ ಬರುವವರೆಗೆ ಬೀಗದ ಕಪಾಟಿನಲ್ಲಿ ಇಡಲಾಗಿದೆ.

ತಣಿದ ವಯಲ್‌ ಅನ್ನೂ, ಆಟೋಕ್ಲೇವ್‌ಗೆ ಹಾಕದ ಅದೇ ಬ್ಯಾಚ್‌ನ ಕಂಟ್ರೋಲ್ ವಯಲ್‌ ಅನ್ನೂ 10:40ಕ್ಕೆ ಇನ್‌ಕ್ಯುಬೇಟರ್‌ನಲ್ಲಿ ಇಡಲಾಯಿತು. ಇನ್‌ಕ್ಯುಬೇಟರ್ ಉಷ್ಣತೆ 56 ಡಿಗ್ರಿ. ಎರಡೂ ನೇರಳೆ ಬಣ್ಣ.

ಸೋಮವಾರ, 9 ಜೂನ್. ಲೋಡ್ 2: ತಿರಸ್ಕೃತ

ಗೌನ್ ಮತ್ತು ಡ್ರೇಪ್‌ಗಳ ಡ್ರಮ್ ಒಂದು, ಗಾಜ್ ಪೊಟ್ಟಣ ನಾಲ್ಕು. 11:50ರಿಂದ 12:20ರವರೆಗೆ ಉಷ್ಣತೆ, ಒತ್ತಡ ಎರಡೂ ಸರಿಯಾಗಿದ್ದವು. ಡ್ರಮ್‌ನ ಹೊರಗಿನ ಟೇಪ್ ಪೂರ್ತಿ ಕಪ್ಪಾಗಿತ್ತು. ಆದರೂ ಡ್ರಮ್ ತಣಿದ ಮೇಲೆ ಬಿಚ್ಚಿ ನೋಡಿದಾಗ ಗೌನ್‌ಗಳ ನಡುವೆ ಇಟ್ಟಿದ್ದ ಇಂಟಿಗ್ರೇಟರ್‌ನ ಕಪ್ಪು ಪಟ್ಟೆ ‘ಅಕ್ಸೆಪ್ಟ್’ ಭಾಗದವರೆಗೆ ಸಾಗದೆ ‘ರಿಜೆಕ್ಟ್’ನಲ್ಲೇ ನಿಂತಿತ್ತು. ಗಾಜ್ ಪೊಟ್ಟಣಗಳ ಪಟ್ಟಿಗಳು ಅಕ್ಸೆಪ್ಟ್ ತೋರಿಸಿದವು.

ಕಾರಣ: ಡ್ರಮ್‌ನ ತೂತುಗಳನ್ನು ತೆರೆದಿಡುವ ಪಟ್ಟಿಯ ಕ್ಲಿಪ್ ಸಡಿಲವಾಗಿ, ಒಳಗೆ ಇಟ್ಟ ಮೇಲೆ ಪಟ್ಟಿ ಜಾರಿ ತೂತುಗಳ ಅರ್ಧಕ್ಕೂ ಹೆಚ್ಚು ಭಾಗ ಮುಚ್ಚಿಕೊಂಡಿದೆ, ಒಳಗಿನ ಗಾಳಿ ಹೊರಬಾರದೆ, ಬಟ್ಟೆಯ ನಡುವಿಗೆ ಹಬೆ ಹೊಕ್ಕಿಲ್ಲ. ಹೊರಗಿನ ಟೇಪ್ ಹೇಳುವುದು ಪೊಟ್ಟಣ ಆಟೋಕ್ಲೇವ್ ಕಂಡಿದೆ ಎಂಬುದನ್ನು ಮಾತ್ರ. ಟೇಪ್ ಕಪ್ಪಾಗಿದೆ ಎಂಬ ಒಂದೇ ಆಧಾರದ ಮೇಲೆ ಯಾವ ಡ್ರಮ್ಮನ್ನೂ ಟೇಬಲ್‌ಗೆ ಕೊಡಬಾರದೆಂದು ಎಲ್ಲರಿಗೂ ಮತ್ತೊಮ್ಮೆ ತಿಳಿಸಲಾಗಿದೆ.

ಕ್ರಮ: ಗಾಜ್ ಸೇರಿದಂತೆ ಇಡೀ ಲೋಡ್ ಹಿಂದಕ್ಕೆ. ಇದರಿಂದ ಒಂದು ತುಂಡೂ ರೋಗಿಗೆ ಬಳಕೆಯಾಗಿಲ್ಲ. ಡ್ರಮ್ಮನ್ನು ಬಳಕೆಯಿಂದ ತೆಗೆಯಲಾಗಿದೆ. ಸಂಜೆಯ ಹೈಡ್ರೋಸೀಲ್ ಶಸ್ತ್ರಚಿಕಿತ್ಸೆಗೆ ಶನಿವಾರದ ಲೋಡ್‌ನ ಗೌನ್ ಪೊಟ್ಟಣವನ್ನು, ಒಳಗಿನ ಪಟ್ಟಿ ಅಕ್ಸೆಪ್ಟ್ ಇರುವುದನ್ನು ಶಸ್ತ್ರಚಿಕಿತ್ಸಕರಿಗೆ ತೋರಿಸಿ, ಬಳಸಲಾಯಿತು.

ಮಂಗಳವಾರ, 10 ಜೂನ್. ಲೋಡ್ 3 ಮತ್ತು 4

ಲೋಡ್ 3ರಲ್ಲಿ ಅದೇ ಬಟ್ಟೆ ಮತ್ತು ಗಾಜ್ ಬಟ್ಟೆಯನ್ನು ಸಡಿಲವಾಗಿ ಮಡಚಿ, ಎರಡು ಪದರದ ಬಟ್ಟೆಯಲ್ಲಿ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಹಾಕಲಾಯಿತು. 8:50ಕ್ಕೆ ಎಣಿಕೆ ಶುರುವಾಗಿ 9:01ಕ್ಕೆ ಕರೆಂಟ್ ಹೋಯಿತು. 9:20ಕ್ಕೆ ಬರುವ ಹೊತ್ತಿಗೆ ಉಷ್ಣತೆ 108ಕ್ಕೆ ಇಳಿದಿತ್ತು. ಕಳೆದ ಹನ್ನೊಂದು ನಿಮಿಷವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಒಳಗಿನ ಪಟ್ಟಿಗಳು ಆಗಲೇ ಅಷ್ಟು ಹಬೆ ಕಂಡಿದ್ದರಿಂದ, ಹಾಗೆಯೇ ಮುಂದುವರಿಸಿದ್ದರೆ ಎರಡನೇ ಸುತ್ತು ಕಡಿಮೆಯಾದರೂ ಅವು ಅಕ್ಸೆಪ್ಟ್ ತೋರಿಸಬಹುದಿತ್ತು. ಆದ್ದರಿಂದ ಪೊಟ್ಟಣಗಳನ್ನು ಹೊರತೆಗೆದು, ಬಿಚ್ಚಿ, ಒಣ ಬಟ್ಟೆ, ಹೊಸ ಪಟ್ಟಿ, ಹೊಸ ಟೇಪ್ ಹಾಕಿ ಲೋಡ್ 4 ಎಂದು ಬೇರೆ ಸಂಖ್ಯೆ ಕೊಟ್ಟು ಮೊದಲಿನಿಂದ ನಡೆಸಲಾಯಿತು. 11:15ರಿಂದ 11:45, ಉಷ್ಣತೆ ಮತ್ತು ಒತ್ತಡ ಸರಿ. ಪರೀಕ್ಷೆಗೆಂದು ಬಿಚ್ಚಿದ ನಡುವಿನ ಪೊಟ್ಟಣದ ಪಟ್ಟಿ ಅಕ್ಸೆಪ್ಟ್. ಆ ಪೊಟ್ಟಣ ಬಿಟ್ಟು ಉಳಿದವು ಬಳಕೆಗೆ.

ಸ್ಪೋರ್ ಪರೀಕ್ಷೆ, 24 ಗಂಟೆ: ಲೋಡ್ 1ರ ವಯಲ್ ನೇರಳೆ, ಕಂಟ್ರೋಲ್ ಹಳದಿ. ಕಂಟ್ರೋಲ್ ಹಳದಿಗೆ ತಿರುಗಿರುವುದರಿಂದ ಸ್ಪೋರ್‌ಗಳು ಜೀವಂತವಾಗಿದ್ದವೆಂದೂ ಇನ್‌ಕ್ಯುಬೇಟರ್ ಸರಿಯಿದೆಯೆಂದೂ ಖಚಿತವಾಗಿದೆ.

ಬುಧವಾರ, 11 ಜೂನ್

ಸ್ಪೋರ್ ಪರೀಕ್ಷೆ, 48 ಗಂಟೆ, 10:40: ಲೋಡ್ 1ರ ವಯಲ್ ನೇರಳೆಯಾಗಿಯೇ ಇದೆ, ಬೆಳವಣಿಗೆ ಇಲ್ಲ. ಕೆ-ವೈರ್ ಸೆಟ್‌ನ ಕೆಂಪು ಚೀಟಿ ತೆಗೆದು, ಗುರುವಾರ ಬೆಳಿಗ್ಗೆಯ ಬೆರಳು ಮುರಿತದ ಶಸ್ತ್ರಚಿಕಿತ್ಸೆಗೆ ಬಿಡಲಾಗಿದೆ. ಕಂಟ್ರೋಲ್ ವಯಲ್‌ ಅನ್ನು ಆಟೋಕ್ಲೇವ್ ಮಾಡಿದ ನಂತರವೇ ವಿಲೇವಾರಿ ಮಾಡಲಾಯಿತು. ಡ್ರಮ್‌ನ ಕ್ಲಿಪ್ ರಿಪೇರಿಯಾಗಿ ಬಂದ ಮೇಲೂ, ಒಳಗೆ ಇಂಟಿಗ್ರೇಟರ್ ಪಟ್ಟಿಯಿಟ್ಟು ಮಾಡುವ ಮೂರು ಪರೀಕ್ಷಾ ಸೈಕಲ್‌ಗಳು ಸರಿಬರುವವರೆಗೆ ಅದನ್ನು ಬಳಸುವುದಿಲ್ಲ.