ಅಪಘಾತ ವರದಿ: ಪವರ್ ಪ್ರೆಸ್ 4ರಲ್ಲಿ ಆಪರೇಟರ್ ಕೈಗೆ ಗಾಯ

ಇವರಿಗೆ: ಕಾರ್ಖಾನೆ ವ್ಯವಸ್ಥಾಪಕರು
ಇವರಿಂದ: ಸುರಕ್ಷತಾ ಅಧಿಕಾರಿ, ಪೀಣ್ಯ ಘಟಕ
ಘಟನೆ: 16 ಜುಲೈ 2024, ಮಂಗಳವಾರ, ಎರಡನೇ ಪಾಳಿ, ಮಧ್ಯಾಹ್ನ ಸುಮಾರು 3.40
ವರದಿಯ ದಿನಾಂಕ: 17 ಜುಲೈ 2024

63 ಟನ್ ಸಾಮರ್ಥ್ಯದ, ಗಾಳಿಯೊತ್ತಡದ ಕ್ಲಚ್ ಇರುವ ಮೆಕ್ಯಾನಿಕಲ್ ಪ್ರೆಸ್‌ನಲ್ಲಿ 2 ಮಿ.ಮೀ. ಉಕ್ಕಿನ ತಗಡಿನಿಂದ ಬ್ರಾಕೆಟ್ ಕತ್ತರಿಸುವ ಕೆಲಸ ನಡೆದಿತ್ತು. ಡೈಯಲ್ಲಿ ಸಿಕ್ಕಿಕೊಂಡ ತುಂಡನ್ನು ಆಪರೇಟರ್ ತೆಗೆಯುತ್ತಿದ್ದಾಗ ರ‍್ಯಾಮ್ ಒಮ್ಮೆ ಇಳಿದು ಮೇಲೇರಿತು. ಅವರ ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ತುದಿ ಜಜ್ಜಿವೆ. ಪಕ್ಕದ ಯಂತ್ರದವರು ಎಮರ್ಜೆನ್ಸಿ ಸ್ಟಾಪ್ ಒತ್ತಿದರು. ಪ್ರಥಮ ಚಿಕಿತ್ಸೆಯ ನಂತರ ಗಾಯಾಳುವನ್ನು ಇಎಸ್‌ಐ ಆಸ್ಪತ್ರೆಗೆ ಕಳುಹಿಸಲಾಯಿತು, ಶಸ್ತ್ರಚಿಕಿತ್ಸೆ ಆಗಿದೆ.

ನಾನು ಯಂತ್ರದ ಬಳಿ ತಲುಪಿದ್ದು 4.05ಕ್ಕೆ. ಅಷ್ಟರೊಳಗೆ ಅಲ್ಲಿ ಹಲವರು ಓಡಾಡಿದ್ದರು. ಆದ್ದರಿಂದ ಗಾರ್ಡ್ ಮತ್ತು ಸ್ವಿಚ್ ಬಗ್ಗೆ ಮುಂದೆ ಬರೆದಿರುವುದು 4.05ಕ್ಕೆ ಕಂಡ ಸ್ಥಿತಿ, 3.40ಕ್ಕೂ ಹಾಗೆಯೇ ಇತ್ತು ಎಂದು ಓದಿಕೊಳ್ಳಬಾರದು.

ಗಾರ್ಡ್: ಎರಡೂ ಪಕ್ಕದ ಸ್ಥಿರ ಗಾರ್ಡ್‌ಗಳು ಸ್ವಸ್ಥಾನದಲ್ಲಿದ್ದವು, ಬೋಲ್ಟ್‌ಗಳು ಬಿಗಿಯಾಗಿದ್ದವು. ಮುಂಭಾಗದ ಇಂಟರ್‌ಲಾಕ್ ಗಾರ್ಡ್ ಮೇಲಕ್ಕೆ ತೆರೆದಿತ್ತು. ಈ ಯಂತ್ರಕ್ಕೆ ಲೈಟ್ ಕರ್ಟನ್ ಅಳವಡಿಸಿಲ್ಲ. ಸೇಫ್ಟಿ ಬ್ಲಾಕ್ ಎಡಗಡೆಯ ಕೊಕ್ಕೆಯಲ್ಲಿ ಸರಪಳಿಯೊಂದಿಗೆ ತೂಗುತ್ತಿತ್ತು. ತುಂಡು ತೆಗೆಯುವ ಚಿಮಟ ಟ್ರೇಯಲ್ಲಿತ್ತು.

ಸ್ವಿಚ್: ಸೆಲೆಕ್ಟರ್ 'ಕಾಲು ಪೆಡಲ್' ಸ್ಥಾನದಲ್ಲಿತ್ತು, ಕೀಲಿ ಅದರಲ್ಲೇ ಇತ್ತು. ಪೆಡಲ್ ಮೇಲಿನ ಮುಚ್ಚಳ ಸರಿಯಾಗಿತ್ತು. ಮುಖ್ಯ ಮೋಟಾರ್ ನಿಂತಿತ್ತು. ಕಾಲು ಪೆಡಲ್ ಮೇಲೆ ಇರಲಿಲ್ಲ ಎಂದು ಆಪರೇಟರ್ ಹೇಳಿದ್ದಾರೆ. ಹತ್ತಿರವಿದ್ದ ಸಹಾಯಕ ತಗಡು ಎಣಿಸುತ್ತಿದ್ದರು, ಕಾಲನ್ನು ಗಮನಿಸಿಲ್ಲ ಎಂದಿದ್ದಾರೆ. ಸೆಲೆಕ್ಟರನ್ನು ಯಾವಾಗ ತಿರುಗಿಸಲಾಯಿತು ಎಂಬುದಕ್ಕೆ ದಾಖಲೆಯಿಲ್ಲ.

ಇಂದು ಬೆಳಿಗ್ಗೆ ನಿರ್ವಹಣಾ ಮೇಲ್ವಿಚಾರಕರು ಮತ್ತು ಕಾರ್ಮಿಕ ಪ್ರತಿನಿಧಿಯ ಎದುರು, ಡೈ ಹೊರತೆಗೆದು, ಗಾರ್ಡ್ ತೆರೆದಿಟ್ಟು ಪರೀಕ್ಷಿಸಿದೆವು. ಎರಡು ಕೈ ಗುಂಡಿಗಳ ಸ್ಥಾನದಲ್ಲಿ ಹತ್ತು ಸಲ ಒತ್ತಿದರೂ ರ‍್ಯಾಮ್ ಕದಲಲಿಲ್ಲ. ಪೆಡಲ್ ಸ್ಥಾನದಲ್ಲಿ ಹತ್ತರಲ್ಲಿ ಎರಡು ಸಲ ಇಳಿಯಿತು. ಗಾರ್ಡ್‌ನ ಲಿಮಿಟ್ ಸ್ವಿಚ್ಚಿನ ರೋಲರ್ ಲಿವರ್ ಅಕ್ಕಪಕ್ಕ ಸಡಿಲವಾಗಿ ಆಡುತ್ತಿದೆ, ರೋಲರ್ ಒಂದು ಬದಿ ಸವೆದಿದೆ. ರ‍್ಯಾಮ್ ಇಳಿದದ್ದಕ್ಕೆ ಇದೇ ಕಾರಣವೆಂದು ಈ ಪರೀಕ್ಷೆಯಿಂದ ಹೇಳಲಾಗದು. ಪೆಡಲ್ ಸರ್ಕ್ಯೂಟನ್ನು ಇನ್ನೂ ಬಿಚ್ಚಿ ನೋಡಿಲ್ಲ.

ನಿರ್ವಹಣೆ: ಕೊನೆಯ ನಿಯತ ನಿರ್ವಹಣೆ 22 ಜೂನ್. ಕ್ಲಚ್, ಬ್ರೇಕ್, ಎಣ್ಣೆ, ಗಾಳಿಯೊತ್ತಡ ನೋಡಿದ್ದಾರೆ. 'ಗಾರ್ಡ್ ಸ್ವಿಚ್' ಎದುರು 'ಸರಿ' ಎಂಬ ಗುರುತಿದೆ. ಯಾವ ಸ್ಥಾನದಲ್ಲಿಟ್ಟು ಪರೀಕ್ಷಿಸಿದರೆಂದು ಬರೆದಿಲ್ಲ, ನಮ್ಮ ಪಟ್ಟಿಯಲ್ಲಿ ಅದಕ್ಕೆ ಅಂಕಣವೂ ಇಲ್ಲ. 11 ಜುಲೈ ಪೆಡಲ್‌ನ ಸ್ಪ್ರಿಂಗ್ ಬದಲಿಸಿದ ನಮೂದಿದೆ.

ಪ್ರೆಸ್‌ಗೆ ವಿದ್ಯುತ್ ಮತ್ತು ಗಾಳಿ ಕಡಿತಗೊಳಿಸಿ ಬೀಗ ಹಾಕಲಾಗಿದೆ, ಕೀಲಿ ನನ್ನ ಬಳಿ ಇದೆ. ಪರೀಕ್ಷೆಯ ನಂತರ ಲಿಮಿಟ್ ಸ್ವಿಚ್ ಬಿಚ್ಚಿ ಮೊಹರು ಮಾಡಿ ಇಡಲಾಗಿದೆ. ಸುರಕ್ಷತಾ ಸಮಿತಿ ನಾಳೆ 11 ಗಂಟೆಗೆ ಸೇರಲಿದೆ. ಅಷ್ಟರೊಳಗೆ ಉಳಿದ ಪ್ರೆಸ್‌ಗಳ ಇಂಟರ್‌ಲಾಕನ್ನು ಎರಡೂ ಸ್ಥಾನಗಳಲ್ಲಿ ಪರೀಕ್ಷಿಸಲು ಅನುಮತಿ ಕೋರುತ್ತೇನೆ.